ಮೂರು ತುಂಬದ ಮಗು: ಆಟಿಕೆ ಮಾರಾಟದ ಪುಟಗಳಲ್ಲಿ ಎಚ್ಚರಿಕೆಯ ಕನ್ನಡ

ಆಟಿಕೆಯನ್ನು ಮಾರಾಟಕ್ಕಿಟ್ಟ ಪುಟದಲ್ಲಿ ಎರಡು ಬಗೆಯ ವಾಕ್ಯಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಒಂದು ‘ಕೊಳ್ಳಿರಿ’ ಎನ್ನುತ್ತದೆ. ಇನ್ನೊಂದು ‘ಇಂಥ ಮಗುವಿಗಾದರೆ ಬೇಡ’ ಎನ್ನಬೇಕು. ಮೊದಲನೆಯದರ ಕನ್ನಡ ಈಚಿನ ವರ್ಷಗಳಲ್ಲಿ ಸಾಕಷ್ಟು ಪಳಗಿದೆ. ಎರಡನೆಯದರ ಕನ್ನಡ ಇನ್ನೂ ಅನುವಾದದ ಹೊಸ್ತಿಲಲ್ಲೇ ನಿಂತಿದೆ ಎಂಬುದು ನಮ್ಮ ತಕರಾರು. ಎಚ್ಚರಿಸಲು ಬೇಕಾದ ವ್ಯಾಕರಣ ಕನ್ನಡದಲ್ಲಿ ಇದ್ದೇ ಇದೆ. ಆ ವ್ಯಾಕರಣವನ್ನು ಬಿಟ್ಟು ಬರೆದ ವಾಕ್ಯಗಳು ಎಚ್ಚರಿಕೆಯಂತೆ ಕಾಣುತ್ತವೆಯಾದರೂ ಎಚ್ಚರಿಸುವ ಕೆಲಸವನ್ನು ಮಾಡುವುದಿಲ್ಲ.

ಚರ್ಚೆಗೆ ಒಂದು ಮಾದರಿ ಪುಟವನ್ನು ಮುಂದಿಟ್ಟುಕೊಳ್ಳೋಣ. ಇದು ಯಾವೊಂದು ಅಂಗಡಿಯದೂ ಅಲ್ಲ. ಇಂಥ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಸೂತ್ರವಾಕ್ಯಗಳಿಂದ ನಾವೇ ಹೊಂದಿಸಿಕೊಂಡದ್ದು:

‘ಪುಟಾಣಿಗಳಿಗಾಗಿ ಮರದ ಎಳೆಯುವ ಬಂಡಿ, ಆರು ಬಣ್ಣದ ಗೂಟಗಳೊಂದಿಗೆ. ಮೊದಲ ಹುಟ್ಟುಹಬ್ಬಕ್ಕೆ ಅತ್ಯುತ್ತಮ ಉಡುಗೊರೆ. ವಯಸ್ಸು: 3+. ನೂರಕ್ಕೆ ನೂರು ಸುರಕ್ಷಿತ, ವಿಷರಹಿತ ಬಣ್ಣ, ಬಿಐಎಸ್ ಪ್ರಮಾಣಿತ. ಎಚ್ಚರಿಕೆ: ಉಸಿರುಗಟ್ಟುವಿಕೆಯ ಅಪಾಯ. ಸಣ್ಣ ಬಿಡಿಭಾಗಗಳು. 3 ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಸೂಕ್ತವಲ್ಲ. ವಯಸ್ಕರ ಮೇಲ್ವಿಚಾರಣೆಯಲ್ಲಿ ಬಳಸಿ.’

ಬಂಡಿಯ ಗೂಟಗಳು 20 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಉದ್ದ ಇವೆಯೆಂದು ಇಟ್ಟುಕೊಳ್ಳೋಣ. ಈ ಅಳತೆ ಮುಂದೆ ಬೇಕಾಗುತ್ತದೆ.

ಮೊದಲು ಅಂಕಿಯನ್ನು ನೋಡಬೇಕು. ‘3+’ ಎಂಬುದು ಯಾವ ಭಾಷೆಯದೂ ಅಲ್ಲವೆಂದು ತೋರುತ್ತದೆ. ಆದರೆ ಓದುವವರು ಅದನ್ನು ತಮ್ಮ ಭಾಷೆಯಲ್ಲೇ ಓದುತ್ತಾರೆ. ಕನ್ನಡದಲ್ಲಿ ಮಗುವಿನ ವಯಸ್ಸನ್ನು ಹೇಳಲು ಎರಡು ಲೆಕ್ಕಗಳಿವೆ. ಒಂದು ತುಂಬಿದ ಲೆಕ್ಕ, ಇನ್ನೊಂದು ನಡೆಯುವ ಲೆಕ್ಕ. ಎರಡು ವರ್ಷ ನಾಲ್ಕು ತಿಂಗಳಿನ ಮಗುವಿನ ಬಗ್ಗೆ ‘ಎಷ್ಟು ವರ್ಷ?’ ಎಂದು ಕೇಳಿದರೆ ‘ಎರಡು ತುಂಬಿದೆ’ ಎಂದೂ ಹೇಳಬಹುದು, ‘ಮೂರು ನಡೀತಾ ಇದೆ’ ಎಂದೂ ಹೇಳಬಹುದು, ‘ಮೂರಕ್ಕೆ ಬಿತ್ತು’ ಎಂದೂ ಹೇಳಬಹುದು. ಮೂರೂ ನಿಜವೇ. ಕ್ರಮವಾಚಕವೂ ಇಲ್ಲಿ ನೆರವಿಗೆ ಬರುವುದಿಲ್ಲ. ‘ಮೂರನೆಯ ಹುಟ್ಟುಹಬ್ಬ’ ಎಂದರೆ ಮೂರು ತುಂಬಿದ ದಿನ, ‘ಮೂರನೆಯ ವರ್ಷ ನಡೆಯುತ್ತಿದೆ’ ಎಂದರೆ ಎರಡು ತುಂಬಿದ ಮಗು. ಒಂದೇ ‘ಮೂರನೆಯ’ ಎಂಬ ಪದ ಜತೆಗಿರುವ ನಾಮಪದಕ್ಕೆ ತಕ್ಕಂತೆ ಇಡೀ ಒಂದು ವರ್ಷ ಸರಿಯುತ್ತದೆ.

ಸಾಮಾನ್ಯ ಮಾತಿನಲ್ಲಿ ಈ ಸಡಿಲತೆಯಿಂದ ನಷ್ಟವಿಲ್ಲ. ಆಟಿಕೆಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಗೆರೆಯನ್ನು ಮೂರರಲ್ಲೇ ಎಳೆದಿರುವುದಕ್ಕೆ ಕಾರಣ ಮಗುವಿನ ಬಾಯಿ. ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಪರೀಕ್ಷಿಸುವ ಅಭ್ಯಾಸ ಆ ಹೊತ್ತಿಗೆ ಇಳಿಮುಖವಾಗುತ್ತದೆ. ನಡೆಯುವ ಲೆಕ್ಕದಲ್ಲಿ ಓದಿದವರು ಕೊಳ್ಳುವುದು ಸರಿಯಾಗಿ ಅಪಾಯದ ವರ್ಷದಲ್ಲಿರುವ ಮಗುವಿಗೆ. ಮಾನಕಗಳನ್ನು ಬರೆದವರಿಗೆ ಇಂಥ ಗೊಂದಲದ ಅರಿವು ಇದ್ದಂತಿದೆ. ಯುರೋಪಿನ ನಿರ್ದೇಶನದಲ್ಲಿಯೂ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8124-1ರಲ್ಲಿಯೂ ‘36 ತಿಂಗಳು’ ಎಂಬ ಮಾತು ಬರುತ್ತದೆ. ತಿಂಗಳ ಲೆಕ್ಕದಲ್ಲಿ ನಡೆಯುವುದಕ್ಕೂ ತುಂಬುವುದಕ್ಕೂ ಇರುವ ಅಂತರ ಹೆಚ್ಚೆಂದರೆ ಮೂವತ್ತು ದಿನ. ಆದರೆ ನಮ್ಮಲ್ಲಿ ಮಗುವನ್ನು ತಿಂಗಳುಗಳಲ್ಲಿ ಎಣಿಸುವುದು ವರ್ಷ ತುಂಬುವವರೆಗೆ, ಹೆಚ್ಚೆಂದರೆ ಒಂದೂವರೆಯವರೆಗೆ. 36 ಎಂದು ಓದಿದವರು ಹನ್ನೆರಡರಿಂದ ಭಾಗಿಸುತ್ತಾ ಕೂರಬೇಕು.

‘ಮೂರು ವರ್ಷ ಮೇಲ್ಪಟ್ಟ’, ‘ಮೂರು ವರ್ಷದೊಳಗಿನ’, ‘ಮೂರು ವರ್ಷಕ್ಕಿಂತ ಕೆಳಗಿನ’ ಎಂಬ ಮೂರು ಪ್ರಯೋಗಗಳೂ ವರ್ಷವನ್ನು ಒಂದು ಸ್ಥಳವೆಂದು ಭಾವಿಸಿ ಅದರ ಮೇಲೆ, ಒಳಗೆ, ಕೆಳಗೆ ಎನ್ನುತ್ತವೆ. ಸ್ಥಳದ ಗಡಿ ಎಲ್ಲಿದೆಯೆಂದು ಹೇಳುವುದಿಲ್ಲ. ಹೇಳಬಲ್ಲದ್ದು ‘ತುಂಬು’ ಎಂಬ ಕ್ರಿಯಾಪದ ಮಾತ್ರ. ಅದರ ನಿಷೇಧ ಕೃದಂತವನ್ನು ಬಳಸಿದರೆ ಗಡಿ ಒಂದು ದಿನಕ್ಕೆ ಬಂದು ನಿಲ್ಲುತ್ತದೆ: ‘ಮೂರು ವರ್ಷ ತುಂಬದ ಮಕ್ಕಳು’. ನಾಲ್ಕೇ ಪದ, ಶಾಲೆಗೆ ಹೋಗದ ಅಜ್ಜಿಗೂ ತಿಳಿಯುವ ಪದ. ಶಾಲೆಗೆ ಸೇರಿಸುವ ವಯಸ್ಸನ್ನು ಹೇಳುವಾಗ ‘ತುಂಬಿರಬೇಕು’ ಎಂದೇ ಬರೆಯುತ್ತೇವೆ. ಆಟಿಕೆಯ ಪುಟಕ್ಕೆ ಬಂದಾಗ ಅದೇ ಪದ ಏಕೆ ಮರೆತುಹೋಗುತ್ತದೆಯೋ.

ಎರಡನೆಯ ಪ್ರಶ್ನೆ ‘ಸೂಕ್ತವಲ್ಲ’ ಎಂಬ ಆಖ್ಯಾತದ್ದು. ಇದನ್ನು ವಿಚಾರಿಸುವ ಮೊದಲು ಒಂದು ಹಳೆಯ ಅಧ್ಯಯನವನ್ನು ನೆನೆಯಬೇಕು. 1991ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲ್ಯಾಂಗ್ಲಾ ಮತ್ತು ಸಂಗಡಿಗರು ಆಟಿಕೆಯ ಚೀಟಿಯ ಮಾತುಗಳನ್ನು ಕುರಿತು ಒಂದು ಬರಹವನ್ನು ಪ್ರಕಟಿಸಿದರು. ‘ಮೂರು ಮತ್ತು ಮೇಲ್ಪಟ್ಟವರಿಗೆ ಶಿಫಾರಸು’ ಎಂಬ ಅರ್ಥದ ಚೀಟಿಯಿದ್ದರೆ ಎರಡರಿಂದ ಮೂರು ವರ್ಷದೊಳಗಿನ ಮಗುವಿಗೆ ಆ ಆಟಿಕೆಯನ್ನು ಕೊಳ್ಳುವೆವೆಂದು ಕೇಳಲ್ಪಟ್ಟವರಲ್ಲಿ ಶೇಕಡ 44 ಮಂದಿ ಹೇಳಿದರು. ಚೀಟಿ ‘ಮೂರಕ್ಕಿಂತ ಕೆಳಗಿನವರಿಗೆ ಶಿಫಾರಸಿಲ್ಲ, ಸಣ್ಣ ಭಾಗಗಳಿವೆ’ ಎಂದಾಗ ಆ ಪ್ರಮಾಣ ಶೇಕಡ 5ಕ್ಕೆ ಇಳಿಯಿತು. ತರ್ಕದ ದೃಷ್ಟಿಯಿಂದ ಎರಡು ಚೀಟಿಗಳೂ ಎಳೆಯುವುದು ಒಂದೇ ಗೆರೆಯನ್ನು. ಬೇರೆಯಾದದ್ದು ಎರಡು ಸಂಗತಿ: ನಿಷೇಧ ಬಾಯಿಬಿಟ್ಟು ಬಂದಿದೆ, ಕಾರಣವೂ ಜತೆಗೆ ಬಂದಿದೆ.

ಕಾರಣವಿಲ್ಲದ ವಯಸ್ಸಿನ ಅಂಕಿಯನ್ನು ಕೊಳ್ಳುವವರು ಬುದ್ಧಿಯ ಅಳತೆಯೆಂದು ಓದಿಕೊಳ್ಳುತ್ತಾರೆ ಎಂಬುದು ಇದರಿಂದ ತಿಳಿಯುವ ಮುಖ್ಯ ವಿಷಯ. ‘ನಮ್ಮದು ಚೂಟಿ ಮಗು, ಮೂರರದ್ದನ್ನು ಎರಡರಲ್ಲೇ ಆಡುತ್ತದೆ’ ಎಂಬ ಹೆಮ್ಮೆ ಈ ಓದಿನಿಂದಲೇ ಹುಟ್ಟುತ್ತದೆ. ಈ ಓದು ಪೂರ್ತಿ ತಪ್ಪೂ ಅಲ್ಲ, ತೊಡಕಿರುವುದು ಅಲ್ಲಿಯೇ. ಒಂದೇ ಅಂಕಿಯ ಸ್ಥಾನದಲ್ಲಿ ಎರಡು ಬೇರೆ ಮಾತುಗಳು ಬರುತ್ತವೆ. ಒಗಟಿನ ಚಿತ್ರಫಲಕದ ಮೇಲಿನ ‘5+’ ನಿಜವಾಗಿ ಆಸಕ್ತಿ ಮತ್ತು ಕೌಶಲದ ಅಂದಾಜು. ಗೂಟದ ಬಂಡಿಯ ‘3+’ ಗಂಟಲಿನ ವಿಷಯ. ಮೊದಲನೆಯದನ್ನು ಮೀರಿದರೆ ಮಗು ಬೇಸರಪಟ್ಟೀತು, ಅಷ್ಟೆ.

ಕನ್ನಡದ ‘ಸೂಕ್ತವಲ್ಲ’ ಈ ಗೊಂದಲವನ್ನು ಇಮ್ಮಡಿಗೊಳಿಸುತ್ತದೆ. ‘ಅಲ್ಲ’ ಗುಣವನ್ನು ಅಲ್ಲಗಳೆಯುವ ನಿಷೇಧ, ಕ್ರಿಯೆಯನ್ನು ತಡೆಯುವ ನಿಷೇಧವಲ್ಲ. ‘ಈ ಬಣ್ಣ ನಿನಗೆ ಸೂಕ್ತವಲ್ಲ’, ‘ಈ ಸಮಯ ಸೂಕ್ತವಲ್ಲ’ ಎಂಬಲ್ಲಿ ಬರುವಂತೆ ಅದು ಒಂದು ಅಭಿಪ್ರಾಯ. ಅಭಿಪ್ರಾಯಕ್ಕೆ ಪ್ರತಿ ಅಭಿಪ್ರಾಯ ಇರುತ್ತದೆ. ‘ಶಿಫಾರಸು ಮಾಡಲಾಗುವುದಿಲ್ಲ’ ಎಂಬ ಕರ್ಮಣಿ ಪ್ರಯೋಗದಲ್ಲಿ ಅಭಿಪ್ರಾಯ ಯಾರದೆಂಬುದೂ ಅಳಿಸಿಹೋಗುತ್ತದೆ. ತಡೆಯುವ ರೂಪಗಳು ಕನ್ನಡದಲ್ಲಿ ಬೇರೆ ಇವೆ. ‘ಕೊಡಬಾರದು’ ನಿಯಮವನ್ನು ಹೇಳುತ್ತದೆ, ‘ಕೊಡಬೇಡಿ’ ಎದುರಿರುವವರನ್ನು ಉದ್ದೇಶಿಸಿ ತಡೆಯುತ್ತದೆ. (ಶಾಲಾ ವ್ಯಾಕರಣ ‘ನಿಷೇಧಾರ್ಥಕ’ವೆಂದು ಕರೆಯುವ ‘ಕೊಡನು, ಬಾರನು’ ಇವೆರಡೂ ಅಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು.) ಆಟಿಕೆಯ ಪುಟವನ್ನು ಓದುವಾತ ಕೊಳ್ಳಲೋ ಬೇಡವೋ ಎಂದು ನಿರ್ಧರಿಸುತ್ತಿರುವ ಒಬ್ಬ ವ್ಯಕ್ತಿ. ಆದ್ದರಿಂದ ‘ಕೊಡಬೇಡಿ’ಯೇ ಇಲ್ಲಿಗೆ ತಕ್ಕ ರೂಪವೆಂದು ನಾವು ಭಾವಿಸುತ್ತೇವೆ. ಅಮೆರಿಕದ ಕಾನೂನು ಎಚ್ಚರಿಕೆಯ ಮಾತುಗಳನ್ನು ಅಕ್ಷರಶಃ ಗೊತ್ತುಪಡಿಸಿರುವಾಗ ಅಪಾಯವನ್ನು ಮೊದಲು ಹೇಳಿ, ಸಣ್ಣ ಭಾಗಗಳೆಂಬ ಕಾರಣವನ್ನು ಕೊಟ್ಟು, ಮೂರರೊಳಗಿನವರಿಗಲ್ಲ ಎಂದು ಮುಗಿಸುತ್ತದೆ. ಅದೂ ಒಂದು ಆಖ್ಯಾತರಹಿತ ಸೂತ್ರವೇ. ಇಂಗ್ಲಿಷಿನಲ್ಲಿ ಅಂಥ ಸೂತ್ರಕ್ಕೆ ತಡೆಯುವ ಬಲವಿದೆ. ಪದಶಃ ಕನ್ನಡಿಸಿದಾಗ ಉಳಿಯುವುದು ಅದರ ಆಕಾರ ಮಾತ್ರ.

ಮೂರನೆಯದಾಗಿ, ಅಪಾಯದ ಹೆಸರು. ‘ಉಸಿರುಗಟ್ಟುವಿಕೆಯ ಅಪಾಯ’ ಎಂದು ಓದಿದ ಕನ್ನಡಿಗರಿಗೆ ಏನು ಕಾಣುತ್ತದೆ? ಉಸಿರು ಹೊಗೆಯಿಂದ ಕಟ್ಟುತ್ತದೆ, ಮುಚ್ಚಿದ ಕೋಣೆಯಲ್ಲಿ ಕಟ್ಟುತ್ತದೆ, ಮುಖಕ್ಕೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡರೆ ಕಟ್ಟುತ್ತದೆ. ಗಂಟಲಿಗೆ ವಸ್ತು ಸಿಕ್ಕಿ ಗಾಳಿ ನಿಲ್ಲುವುದಕ್ಕೂ, ಮೂಗುಬಾಯಿ ಮುಚ್ಚಿ ಗಾಳಿ ನಿಲ್ಲುವುದಕ್ಕೂ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿವೆ. ಅನುವಾದದಲ್ಲಿ ಎರಡೂ ಒಂದೇ ಪದಕ್ಕೆ ಬಂದು ಬೀಳುತ್ತವೆ. ಪರಿಣಾಮವಾಗಿ ಪೊಟ್ಟಣದ ಚೀಲದ ಮೇಲಿನ ಎಚ್ಚರಿಕೆ ಮತ್ತು ಗೂಟದ ಎಚ್ಚರಿಕೆ ಒಂದೇ ಆಗಿ ಕಾಣುತ್ತವೆ. ಚೀಲವನ್ನು ಎಸೆದ ಮನೆಯವರು ಎರಡಕ್ಕೂ ವಿಧೇಯರಾದೆವೆಂದು ಭಾವಿಸಿದರೆ ತಪ್ಪು ಅವರದಲ್ಲ.

ಅಪಾಯದ ಮೂಲವನ್ನು ಹೇಳುವ ‘ಸಣ್ಣ ಬಿಡಿಭಾಗಗಳು’ ಎಂಬುದು ಇನ್ನೊಂದು ತೊಡಕು. ಬಿಡಿಭಾಗವೆಂದರೆ ಕನ್ನಡದಲ್ಲಿ ಯಂತ್ರದ ಭಾಗ, ಕೆಟ್ಟರೆ ಬದಲಿಸಲು ಬೇರೆಯಾಗಿ ಸಿಗುವ ಭಾಗ. ‘ಸಣ್ಣ’ ಎಂಬುದು ಸಾಪೇಕ್ಷ ಗುಣವಾಚಕ, ಯಾವುದಕ್ಕೆ ಹೋಲಿಸಿ ಸಣ್ಣದೆಂದು ಓದುಗರೇ ಊಹಿಸಬೇಕು. ಪರೀಕ್ಷಾಲಯದಲ್ಲಿ ಊಹೆಗೆ ಎಡೆಯಿಲ್ಲ. ಅಲ್ಲಿ 31.7 ಮಿಲಿಮೀಟರ್ ಒಳವ್ಯಾಸದ ಒಂದು ಕೊಳವೆಯಿದೆ. ಅದರ ಬಾಯಿಯನ್ನು ಓರೆಯಾಗಿ ಕತ್ತರಿಸಿರುವುದರಿಂದ ಆಳ ಒಂದು ಬದಿಯಲ್ಲಿ 25.4, ಎದುರು ಬದಿಯಲ್ಲಿ 57.1 ಮಿಲಿಮೀಟರ್. ವಸ್ತುವನ್ನು ಅಮುಕದೆ, ಹೇಗೆ ತಿರುಗಿಸಿಯಾದರೂ ಸರಿ, ಅದು ಪೂರ್ತಿಯಾಗಿ ಒಳಗೆ ಇಳಿದರೆ ಅದು ಸಣ್ಣ ಭಾಗ. ನಮ್ಮ ಗೂಟವನ್ನು ಆಳದ ಬದಿಗೆ ಒತ್ತಿ ನೆಟ್ಟಗೆ ನಿಲ್ಲಿಸಿ ನೋಡೋಣ. ಆಳದ ಗೋಡೆಯಿಂದ 20 ಮಿಲಿಮೀಟರ್ ದೂರದಲ್ಲಿ, ಅಂದರೆ ಗೂಟದ ಹೊರ ಅಂಚಿನಲ್ಲಿ, ಕೊಳವೆಯ ಆಳ 37.1 ಮಿಲಿಮೀಟರ್. ಗೂಟದ ಎತ್ತರ 30. ಅದು ಸಲೀಸಾಗಿ ಒಳಗಿಳಿಯುತ್ತದೆ. ಹೆಬ್ಬೆರಳಿನ ದಪ್ಪದ ಈ ಗೂಟವನ್ನು ಕೈಯಲ್ಲಿ ಹಿಡಿದ ಯಾವ ತಂದೆಯೂ ‘ಸಣ್ಣದು’ ಎನ್ನಲಾರ. ‘ದಪ್ಪಗಿದೆ, ನುಂಗಲಾಗದು’ ಎಂದಾನು. ಸಾಮಾನ್ಯ ಭಾಷೆಯ ‘ಸಣ್ಣ’ಕ್ಕೂ ಮಾನಕದ ‘ಸಣ್ಣ’ಕ್ಕೂ ನಡುವಿನ ಈ ಕಂದಕವನ್ನು ಗುಣವಾಚಕದಿಂದ ದಾಟಲಾಗದು. ಭಾಗದ ಹೆಸರನ್ನೇ ಹೇಳಬೇಕು: ‘ಇದರ ಗೂಟಗಳು’. ಜತೆಗೆ, ಕೊಳ್ಳುವಾಗ ಬೇರೆಯಾಗಿ ಕಾಣುವ ಭಾಗಗಳನ್ನಷ್ಟೇ ಈ ಪರೀಕ್ಷೆ ನೋಡುವುದಿಲ್ಲ. ಆಟಿಕೆಯನ್ನು ಬೀಳಿಸಿ, ತಿರುಚಿ, ಎಳೆದು ನೋಡಿದ ಮೇಲೆ ಕಳಚಿಕೊಂಡದ್ದೂ ಕೊಳವೆಗೆ ಹೋಗುತ್ತದೆ. ಹಾಗೆ ಕಳಚಿದ ಚಕ್ರದ ಗುಂಡಿಯನ್ನು ‘ಬಿಡಿಭಾಗ’ ಎಂಬ ಪದ ಸೂಚಿಸುವುದೇ ಇಲ್ಲ. ಚೆಂಡಿನದು ಇನ್ನೂ ಬೇರೆಯ ಲೆಕ್ಕ. 40 ಮಿಲಿಮೀಟರ್ ಚೆಂಡು ಈ ಕೊಳವೆಗೆ ಇಳಿಯುವುದಿಲ್ಲ, ಆದರೂ ಎಳೆಯ ಮಕ್ಕಳಿಗೆ ಅದು ಸಲ್ಲದು. ಚೆಂಡಿಗೆ 44.5 ಮಿಲಿಮೀಟರಿನ ಬೇರೆ ಅಳತೆ ಇದೆ.

ಅಪಾಯವನ್ನು ನಾಮಪದವಾಗಿಸುವುದೇ ಕನ್ನಡಕ್ಕೆ ಒಗ್ಗದ ಕ್ರಮವೆಂದು ನಮಗೆ ತೋರುತ್ತದೆ. ಮೆಟ್ಟಿಲ ಮೇಲೆ ಓಡುವ ಮಗುವಿಗೆ ಯಾವ ತಾಯಿಯೂ ‘ಬೀಳುವಿಕೆಯ ಅಪಾಯ’ ಎನ್ನುವುದಿಲ್ಲ. ‘ಓಡಬೇಡ, ಬಿದ್ದೀಯೆ!’ ಎನ್ನುತ್ತಾಳೆ. ‘ಬಿದ್ದೀಯೆ’ ಎಂಬುದು ಶಾಲಾ ವ್ಯಾಕರಣದ ಸಂಭಾವನಾರ್ಥಕ ರೂಪ. ಪಾಠದಲ್ಲಿ ಅದರ ಅರ್ಥ ಸಾಧ್ಯತೆ ಮಾತ್ರವೆಂದಿರುತ್ತದೆ. ‘ಸಂಜೆ ಮಳೆ ಬಂದೀತು’ ಎಂಬಲ್ಲಿ ಅಷ್ಟೇ ಸರಿ. ಆದರೆ ‘ಕೈ ಸುಟ್ಟೀತು’, ‘ಹಾಲು ಉಕ್ಕೀತು’, ‘ಯಾರಾದರೂ ನೋಡಿಯಾರು’ ಎಂಬಲ್ಲಿ ಸಾಧ್ಯತೆಯ ಜತೆಗೆ ಅಂಜಿಕೆಯೂ ಇದೆ. ಆದೀತೆಂದು ಹೇಳುವುದು ಆಗದಿರಲೆಂದೇ. ಸೊಲೊಮನ್ ದ್ವೀಪಗಳ ತೊಅಬಇತ ಭಾಷೆಯನ್ನು ಆಧರಿಸಿ ಲಿಖ್ಟೆನ್‌ಬರ್ಕ್ ಅವರು 1995ರಲ್ಲಿ ಇಂಥ ರೂಪಗಳನ್ನು ಚರ್ಚಿಸಿದ ಮೇಲೆ ಆಶಂಕಾರ್ಥವು ವಿಧಗಳ ನಡುವೆ ತನ್ನದೇ ಸ್ಥಾನವನ್ನು ಪಡೆದಿದೆ. ಕನ್ನಡದ ಸಂಭಾವನಾರ್ಥವನ್ನು ಆ ಬೆಳಕಿನಲ್ಲಿ ನೋಡಿದರೆ ‘ಓಡಬೇಡ, ಬಿದ್ದೀಯೆ’ ಎಂಬ ಜೋಡಿಯ ರಚನೆ ಸ್ಪಷ್ಟವಾಗುತ್ತದೆ. ಮೊದಲ ಉಪವಾಕ್ಯ ತಡೆಯುತ್ತದೆ, ಎರಡನೆಯದು ‘ಏಕೆಂದರೆ’ ಎಂಬ ಕೊಂಡಿಯಿಲ್ಲದೆ ಕಾರಣವನ್ನು ಕೊಡುತ್ತದೆ. ಲ್ಯಾಂಗ್ಲಾ ಅಧ್ಯಯನದ ಎರಡನೆಯ ಚೀಟಿ ನಿಷೇಧ ಮತ್ತು ಕಾರಣ ಎರಡನ್ನೂ ಕೂಡಿಸಿ ಸಾಧಿಸಿದ್ದನ್ನು ಕನ್ನಡ ಮನೆಮಾತಿನಲ್ಲಿ ಮಾಡುತ್ತಲೇ ಇದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಂಭಾವನಾರ್ಥ ಒಂಟಿಯಾಗಿ ನಿಂತರೆ ದುರ್ಬಲ, ‘ಆದರೂ ಆದೀತು, ಆಗದೆಯೂ ಇದ್ದೀತು’ ಎಂಬ ಅರ್ಥಕ್ಕೆ ಎಡೆಕೊಡುತ್ತದೆ ಎಂಬುದು ಒಂದು. ಇದು ನಿಜ. ಆದ್ದರಿಂದಲೇ ಅದನ್ನು ‘ಬೇಡಿ’ಯಿಂದ ಬೇರ್ಪಡಿಸಬಾರದು. ಹಳೆಯ ಮೈಸೂರಿನ ನಗರಗಳ ಎಳೆಯರ ಮಾತಿನಲ್ಲಿ ‘ಬಿದ್ದೀಯೆ’ ಸವೆದು ‘ಬೀಳ್ತೀಯ ನೋಡು’ ಬರುತ್ತಿದೆ ಎಂಬುದು ಇನ್ನೊಂದು. ಇದನ್ನೂ ಒಪ್ಪಬೇಕು. ಆದರೆ ಬರಹದಲ್ಲಿ ಆ ರೂಪ ಯಾರಿಗೂ ಅಪರಿಚಿತವಾಗಿಲ್ಲ, ‘ಉಸಿರುಗಟ್ಟುವಿಕೆ’ಗಿಂತ ಖಂಡಿತ ಪರಿಚಿತ.

ಇಷ್ಟೆಲ್ಲ ತಿದ್ದಿದರೂ ಮಾದರಿ ಪುಟದ ದೊಡ್ಡ ದೋಷ ಉಳಿದೇ ಇರುತ್ತದೆ. ಅದು ಪದದ್ದಲ್ಲ, ಪುಟದ ಎರಡು ತುದಿಗಳ ನಡುವಿನ ವಿರೋಧದ್ದು. ತಲೆಯಲ್ಲಿ ‘ಮೊದಲ ಹುಟ್ಟುಹಬ್ಬಕ್ಕೆ’ ಎಂದಿದೆ, ಕಾಲಿನಲ್ಲಿ ‘ಮೂರಕ್ಕಿಂತ ಕೆಳಗಿನವರಿಗೆ ಸೂಕ್ತವಲ್ಲ’ ಎಂದಿದೆ. ವಿರೋಧ ಎದುರಾದಾಗ ಓದುಗರು ಎರಡರಲ್ಲಿ ಒಂದನ್ನು ಸೂತ್ರವೆಂದು, ಬರಿಯ ವಾಡಿಕೆಯ ಮಾತೆಂದು ತಳ್ಳಿಹಾಕುತ್ತಾರೆ. ತಳ್ಳಿಹಾಕುವುದು ಯಾವಾಗಲೂ ಕಾಲಿನಲ್ಲಿರುವುದನ್ನೇ. ಇಲ್ಲಿ ಎಚ್ಚರಿಕೆಯ ವಾಕ್ಯ ಕೊಳ್ಳುವವರನ್ನು ಎಚ್ಚರಿಸುತ್ತಿಲ್ಲ, ಮಾರುವವರನ್ನು ಕಾಯುತ್ತಿದೆ. ಒಂದೇ ವಾಕ್ಯ, ಆದರೆ ವಾಕ್ಕೃತ್ಯ ಬೇರೆ. ಕೊನೆಯ ‘ವಯಸ್ಕರ ಮೇಲ್ವಿಚಾರಣೆಯಲ್ಲಿ ಬಳಸಿ’ ಎಂಬುದು ಉಳಿದ ಬಲವನ್ನೂ ಕಸಿಯುತ್ತದೆ. ದೊಡ್ಡವರು ಎದುರಿಗಿದ್ದರೆ ಸಾಕೆಂದಾದರೆ ನಿಷೇಧ ನಿಷೇಧವಾಗಿ ಉಳಿಯುವುದು ಹೇಗೆ?

ಕಾನೂನು ಈ ವಿರೋಧವನ್ನು ಭಾಷಾಶಾಸ್ತ್ರಕ್ಕಿಂತ ಮೊದಲೇ ಗುರುತಿಸಿದೆ. ಯುರೋಪಿನ 2009ರ ಆಟಿಕೆ ಸುರಕ್ಷತೆಯ ನಿರ್ದೇಶನದ 11ನೆಯ ವಿಧಿ ಎರಡು ಮಾತು ಹೇಳುತ್ತದೆ. ಆಟಿಕೆಯ ಸ್ವರೂಪ, ಗಾತ್ರ, ಲಕ್ಷಣಗಳಿಂದ ತಿಳಿಯುವ ಉದ್ದೇಶಕ್ಕೆ ವಿರುದ್ಧವಾದ ಎಚ್ಚರಿಕೆಯನ್ನು ತಯಾರಕರು ಹಾಕುವಂತಿಲ್ಲ. ಕೊಳ್ಳುವ ನಿರ್ಧಾರವನ್ನು ಪ್ರಭಾವಿಸುವ ಎಚ್ಚರಿಕೆಗಳು ಕೊಳ್ಳುವ ಮೊದಲೇ, ಅಂತರಜಾಲದ ಖರೀದಿಯಲ್ಲಿಯೂ, ಸ್ಪಷ್ಟವಾಗಿ ಕಾಣಬೇಕು. ಅಮೆರಿಕದಲ್ಲಿ 2008ರ ಕಾಯಿದೆ ನೇರವಾಗಿ ಕೊಳ್ಳಲು ಬರುವ ಜಾಹೀರಾತುಗಳಿಗೂ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಅಲ್ಲಿನ ನಿಯಮದಲ್ಲಿ ಮೂರರೊಳಗಿನವರ ಆಟಿಕೆಗಳ ಪಟ್ಟಿಯೇ ಇದೆ, ಎಳೆಯುವ ಮತ್ತು ತಳ್ಳುವ ಆಟಿಕೆಗಳು ಅದರಲ್ಲಿ ಸೇರಿವೆ. ಮಾರುವವರು ಚೀಟಿಯಲ್ಲಿ ಬರೆದ ವಯಸ್ಸು ಒಪ್ಪುವಂತಿದ್ದರೆ ಮಾತ್ರ ಗಣನೆಗೆ ಬರುತ್ತದೆ, ಜಾಹೀರಾತು ಏನು ಹೇಳಿದೆ, ಜನ ಅದನ್ನು ಯಾವ ಮಗುವಿನದೆಂದು ತಿಳಿಯುತ್ತಾರೆ ಎಂಬುದನ್ನೂ ನೋಡಲಾಗುತ್ತದೆ. ಅಂದರೆ ‘ಮೊದಲ ಹುಟ್ಟುಹಬ್ಬಕ್ಕೆ’ ಎಂಬ ಪದಗುಚ್ಛ ಸ್ವತಃ ಸಾಕ್ಷ್ಯ.

ನಮ್ಮಲ್ಲಿ 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನವರ ಆಟಿಕೆಗಳು ಐಎಸ್ 9873ರ ಭಾಗಗಳಿಗೆ, ವಿದ್ಯುತ್ ಆಟಿಕೆಗಳಾದರೆ ಐಎಸ್ 15644ಕ್ಕೂ ಹೊಂದಿಕೊಂಡು ಐಎಸ್‌ಐ ಗುರುತನ್ನು ಧರಿಸಬೇಕು. ಆದ್ದರಿಂದ ಪುಟದ ಮೇಲಿನ ‘ಬಿಐಎಸ್ ಪ್ರಮಾಣಿತ’ ಎಂಬ ವಿಶೇಷಣ ಏನನ್ನೂ ಸೂಚಿಸದ ನುಡಿ. ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ CM/L ಎಂದು ಮೊದಲಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ ಎಂಬುದು ತಿಳಿಯುತ್ತದೆ. ನಂಬಿಕೆಗೆ ಆಧಾರವಾಗಬಲ್ಲದ್ದು ಈ ಅಂಕಿತನಾಮದಂಥ ಸಂಖ್ಯೆ, ‘ನೂರಕ್ಕೆ ನೂರು’ ಎಂಬ ಪ್ರಮಾಣವಾಚಕವಲ್ಲ. ‘ವಿಷರಹಿತ ಬಣ್ಣ’ ನಿಜವೇ ಆಗಿರಬಹುದು. ಆದರೆ ಬಣ್ಣದ ಸತ್ಯ ಗೂಟದ ಗಾತ್ರಕ್ಕೆ ಜಾಮೀನಲ್ಲ, ಎರಡನ್ನೂ ‘ಸುರಕ್ಷಿತ’ ಎಂಬ ಒಂದೇ ಪದದ ಕೆಳಗೆ ತಂದಾಗ ಓದುಗರಿಗೆ ಹಾಗೆ ತೋರುತ್ತದೆ.

ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳನ್ನು ಮಾರುವ ಪುಟಗಳಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರಿಗೂ ಆದೇಶದಿಂದ ವಿನಾಯಿತಿ ದೊರೆತಿದೆ. ಪರವಾನಗಿ ಸಂಖ್ಯೆ ಇಲ್ಲದಿರಬಹುದಾದ ಅಂಥ ಪುಟದಲ್ಲಿ ಕೊಳ್ಳುವವರಿಗೆ ಉಳಿಯುವ ಆಸರೆ ಭಾಷೆಯೊಂದೇ. ಗಿಲಕಿಯ ಹಿಡಿ, ಮಣಿ, ಗೂಟಗಳ ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳುವ ಒಂದು ಸಾಲು ‘ನೈಸರ್ಗಿಕ’ ಎಂಬ ಪದದ ಹತ್ತು ಆವೃತ್ತಿಗಳಿಗಿಂತ ಹೆಚ್ಚಿನ ಉಪಕಾರ ಮಾಡೀತು.

ಕನ್ನಡದಲ್ಲೇ ಎಚ್ಚರಿಸಬೇಕೆಂದು ಯಾವ ಒತ್ತಾಯವಿದೆ ಎಂದು ಕೇಳಬಹುದು. ಪೊಟ್ಟಣ ವಸ್ತುಗಳ 2011ರ ನಿಯಮಗಳು ಹೆಸರು, ತೂಕ, ಬೆಲೆ ಮೊದಲಾದ ಘೋಷಣೆಗಳು ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆನ್ನುತ್ತವೆ. ಅವುಗಳ ಜತೆಗೆ ಬೇರೆ ಭಾಷೆ ಬಂದರೆ ಅಡ್ಡಿಯಿಲ್ಲ. ಹೀಗೆ ಕನ್ನಡ ಇಲ್ಲಿ ‘ಅಡ್ಡಿಯಿಲ್ಲ’ದ ಭಾಷೆ. ಆದರೆ ಪುಟದ ಮಾರಾಟದ ಭಾಗವನ್ನು ಕನ್ನಡದಲ್ಲಿ ಬರೆದಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೋ ಇಂಗ್ಲಿಷಿನ ನೆರಳಿನಲ್ಲಿಯೋ ಬಿಡುವುದು ನ್ಯಾಯವಲ್ಲ.

ಮಾದರಿ ಪುಟದ ಎಚ್ಚರಿಕೆಯನ್ನು ನಾವು ಬರೆದರೆ ಹೀಗೆ ಬರೆದೇವು: ‘ಮೂರು ವರ್ಷ ತುಂಬದ ಮಕ್ಕಳ ಕೈಗೆ ಕೊಡಬೇಡಿ. ಇದರ ಗೂಟಗಳು (20 × 30 ಮಿ.ಮೀ.) ಬಾಯಿಗೆ ಹಿಡಿಸುವಷ್ಟು ಚಿಕ್ಕವು, ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ನಿಂತೀತು.’ ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ. ಮೇಲ್ವಿಚಾರಣೆಯ ವಾಕ್ಯ ಇಲ್ಲ, ‘ಮೊದಲ ಹುಟ್ಟುಹಬ್ಬಕ್ಕೆ’ ಎಂಬುದೂ ಇಲ್ಲ.

ಇಷ್ಟು ಮಾಡಿದರೂ ಈ ಬಂಡಿಗೆ ಅದು ಸಾಲದು ಎಂಬುದನ್ನು ಹೇಳಲೇಬೇಕು. ಹಗ್ಗ ಕಟ್ಟಿ ಎಳೆಯುವ ಬಂಡಿಯನ್ನು ಕಂಡವರು ಅದನ್ನು ಹೊಸದಾಗಿ ನಡೆಯಲು ಕಲಿತ ಮಗುವಿನದೆಂದೇ ತಿಳಿಯುತ್ತಾರೆ. ಅದು ಅಂಥ ಮಗುವಿನ ಆಟಿಕೆಯಾದರೆ ಅದರಲ್ಲಿ ಸಣ್ಣ ಭಾಗ ಇರುವಂತೆಯೇ ಇಲ್ಲ, ಎಷ್ಟೇ ಚೆನ್ನಾಗಿ ಬರೆದ ಎಚ್ಚರಿಕೆಯೂ ಆ ನಿಯಮವನ್ನು ಸಡಿಲಿಸದು. ಇಲ್ಲಿ ತಿದ್ದಬೇಕಾದದ್ದು ವಾಕ್ಯವಲ್ಲ, ಗೂಟ. ಕೊಳವೆಗೆ ಇಳಿಯದಷ್ಟು ದಪ್ಪಗೆ ಕಡೆದು, ತಿರುಚಿದರೂ ಎಳೆದರೂ ಕಳಚದಂತೆ ಚಕ್ರಗಳನ್ನು ಬಿಗಿದರೆ ಸಣ್ಣ ಭಾಗಗಳ ಎಚ್ಚರಿಕೆಯನ್ನೇ ಪುಟದಿಂದ ತೆಗೆಯಬಹುದು, ‘ಮೊದಲ ಹುಟ್ಟುಹಬ್ಬಕ್ಕೆ’ ಎಂಬ ಮಾತು ಅಲ್ಲಿಯೇ ಉಳಿಯಬಹುದು.